ನಾಲ್ಕು ವಾರ ಶಿವಮೊಗ್ಗದಿಂದ: ಬೇರೆ ಊರಿನಿಂದ ಕೆಲಸ ಮಾಡಲು ಅನುಮತಿ ಕೇಳಿದ ಒಂದು ಪ್ರಕರಣ

ಬೆಂಗಳೂರಿನ ಒಂದು ಸೇವಾ ಸಂಸ್ಥೆಯಲ್ಲಿ ಮಾನವ ಸಂಪನ್ಮೂಲ ವಿಭಾಗದ ಹೊಣೆ ಹೊತ್ತಿದ್ದ ಕಾಲದಲ್ಲಿ ನಾನು ಹತ್ತಿರದಿಂದ ನೋಡಿದ ಪ್ರಕರಣವಿದು. ಬರೆಯಲು ಸಂಬಂಧಪಟ್ಟ ಇಬ್ಬರೂ ಒಪ್ಪಿದ್ದಾರೆ. ಉದ್ಯೋಗಿಯನ್ನು ವಸುಧಾ ಎಂಬ ಬದಲಿ ಹೆಸರಿನಿಂದ ಕರೆದಿದ್ದೇನೆ. ಮೇಲಧಿಕಾರಿಯನ್ನು ಮೇಲಧಿಕಾರಿ ಎಂದಷ್ಟೇ ಬರೆದಿದ್ದೇನೆ. ಸಂಸ್ಥೆಯ ಮತ್ತು ಗ್ರಾಹಕ ಕಂಪನಿಯ ಗುರುತು ಹಿಡಿಯಬಹುದಾದ ವಿವರಗಳನ್ನು ಬಿಟ್ಟಿದ್ದೇನೆ. ತಾರೀಖುಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಪ್ರಕರಣದಲ್ಲಿ ಎಲ್ಲವೂ ತಿರುಗಿದ್ದು ತಾರೀಖುಗಳ ಸುತ್ತ.

ಹಿನ್ನೆಲೆ

ವಸುಧಾ ಕೆಲಸ ಮಾಡುತ್ತಿದ್ದುದು ಪೇರೋಲ್ ತಂಡದಲ್ಲಿ. ಬ್ರಿಟನ್ನಿನ ಒಂದು ಕಂಪನಿಯ ನೌಕರರಿಗೆ ಪ್ರತಿ ತಿಂಗಳ ಸಂಬಳವನ್ನು ಲೆಕ್ಕ ಹಾಕಿ, ತೆರಿಗೆ ಮತ್ತು ಇತರ ಕಡಿತಗಳನ್ನು ಸರಿಪಡಿಸಿ, ಬ್ಯಾಂಕಿಗೆ ಹೋಗಬೇಕಾದ ಪಾವತಿ ಕಡತವನ್ನು ಸಿದ್ಧಪಡಿಸುವುದು ಆ ತಂಡದ ಕೆಲಸ. ಒಬ್ಬರು ಲೆಕ್ಕ ಹಾಕುತ್ತಾರೆ, ಇನ್ನೊಬ್ಬರು ಅದನ್ನು ಪರಿಶೀಲಿಸುತ್ತಾರೆ; ಒಬ್ಬರೇ ಎರಡನ್ನೂ ಮಾಡುವಂತಿಲ್ಲ. ವಸುಧಾ ಪರಿಶೀಲಿಸುವವರ ಸಾಲಿನಲ್ಲಿ ಹಿರಿಯರು. ಬೇಸಿಗೆಯಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ ತಂಡದ ಪಾಳಿ ಮಧ್ಯಾಹ್ನ 12:30ಕ್ಕೆ ಶುರುವಾಗಿ ರಾತ್ರಿ 9:30ಕ್ಕೆ ಮುಗಿಯುತ್ತಿತ್ತು. ವಾರದಲ್ಲಿ ಮೂರು ದಿನ ಕಚೇರಿಗೆ ಬರಬೇಕು, ಉಳಿದ ಎರಡು ದಿನ ಮನೆಯಿಂದ ಕೆಲಸ ಮಾಡಬಹುದು ಎಂಬುದು ಸಂಸ್ಥೆಯ ನಿಯಮ. ಅಲ್ಲಿ ಮನೆ ಎಂದರೆ ಸಂಸ್ಥೆಯ ದಾಖಲೆಯಲ್ಲಿರುವ ಬೆಂಗಳೂರಿನ ವಿಳಾಸ ಎಂದೇ ಅರ್ಥ. ಬೇರೆ ಊರಿನಿಂದ ತಾತ್ಕಾಲಿಕವಾಗಿ ಕೆಲಸ ಮಾಡಬೇಕಾದರೆ ಮೇಲಧಿಕಾರಿ ಶಿಫಾರಸು ಮಾಡಬೇಕು, ವಿಭಾಗದ ಮುಖ್ಯಸ್ಥರು ಒಪ್ಪಬೇಕು ಎಂದು ನಿಯಮಾವಳಿಯಲ್ಲಿ ಒಂದೇ ಒಂದು ಸಾಲು ಇತ್ತು. ಹೇಗೆ, ಎಷ್ಟು ದಿನ, ಯಾವ ಕಾರಣಕ್ಕೆ ಎಂಬುದು ಎಲ್ಲಿಯೂ ಇರಲಿಲ್ಲ.

ಅವರ ತಾಯಿ ಶಿವಮೊಗ್ಗದಲ್ಲಿ ಒಬ್ಬರೇ ಇದ್ದರು. ಬಲಗಾಲಿನ ಮಂಡಿ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಜೂನ್ ಎರಡನೆಯ ವಾರಕ್ಕೆ ನಿಗದಿಯಾಗಿತ್ತು. ಅಣ್ಣ ವಿದೇಶದಲ್ಲಿದ್ದರು, ಆಗಸ್ಟ್‌ಗಿಂತ ಮೊದಲು ಬರುವಂತಿರಲಿಲ್ಲ. ಈ ಶಸ್ತ್ರಚಿಕಿತ್ಸೆಯಲ್ಲಿ ಆಸ್ಪತ್ರೆಯ ವಾಸ ಕೆಲವೇ ದಿನಗಳದ್ದು. ನಿಜವಾದ ಕೆಲಸ ಮನೆಗೆ ಬಂದ ಮೇಲೆಯೇ ಇರುತ್ತದೆ. ಮೊದಲ ಎರಡು ವಾರ ರೋಗಿಗೆ ಹಗಲೂ ರಾತ್ರಿಯೂ ಆಸರೆ ಬೇಕು. ಹೊಲಿಗೆ ತೆಗೆದ ಮೇಲೆ ವಾಕರ್ ಹಿಡಿದು ನಡೆಯುವುದು, ಮಂಡಿಯನ್ನು ಸ್ವಲ್ಪಸ್ವಲ್ಪವಾಗಿ ಬಗ್ಗಿಸುವ ವ್ಯಾಯಾಮ, ಅದರ ನೋವು, ಎಲ್ಲವೂ ಇನ್ನೂ ಕೆಲವು ವಾರ ನಡೆಯುತ್ತವೆ. ಆಗ ಪಕ್ಕದಲ್ಲೇ ಕೂತಿರಬೇಕಾಗಿಲ್ಲ, ಆದರೆ ಮನೆಯಲ್ಲಿ ಒಬ್ಬರು ಇರಲೇಬೇಕು. ಆರೈಕೆಯ ಈ ಎರಡು ಹಂತಗಳ ವ್ಯತ್ಯಾಸವೇ ಮುಂದೆ ದಾರಿ ತೋರಿತು, ಆದರೆ ಮೊದಲ ಕೋರಿಕೆಯಲ್ಲಿ ಅದರ ಸುಳಿವೂ ಇರಲಿಲ್ಲ.

ಮೊದಲ ಕೋರಿಕೆ ಮತ್ತು ನಿರಾಕರಣೆ

ಮೇ ತಿಂಗಳ ಪಾವತಿ ಮುಗಿದ ದಿನ ರಾತ್ರಿ, ಎಲ್ಲರೂ ಹೊರಡುವ ಹೊತ್ತಿನಲ್ಲಿ, ವಸುಧಾ ಲಿಫ್ಟಿನ ಬಳಿ ಮೇಲಧಿಕಾರಿಯನ್ನು ನಿಲ್ಲಿಸಿ ಕೇಳಿದರು: "ಸರ್, ಅಮ್ಮನಿಗೆ ಆಪರೇಷನ್ ಇದೆ. ಎರಡು ತಿಂಗಳು ಊರಿಂದಲೇ ಕೆಲಸ ಮಾಡಬಹುದಾ?"

ಅವರು ತಾಯಿಯ ಆರೋಗ್ಯವನ್ನು ವಿಚಾರಿಸಿದರು, ಎಷ್ಟು ರಜೆ ಬೇಕಾದರೂ ತೆಗೆದುಕೊಳ್ಳಿ ಎಂದರು. ಆಮೇಲೆ ಹೇಳಿದರು: "ಊರಿಂದ ಅಂದ್ರೆ ಕಷ್ಟ ಆಗುತ್ತೆ ಮೇಡಂ. ಕ್ಲೈಂಟ್ ಒಪ್ಪಲ್ಲ."

ಇಷ್ಟೇ ನಡೆದದ್ದು. ಮರುದಿನ ವಸುಧಾ ನನ್ನ ಬಳಿ ಬಂದಾಗ ನೊಂದಿದ್ದರು. ಬೇರೆ ವಿಭಾಗದಲ್ಲಿ ಒಬ್ಬರು ಮೂರು ವಾರ ಮಂಗಳೂರಿನಿಂದ ಕೆಲಸ ಮಾಡಿದ್ದನ್ನು ಅವರು ಕೇಳಿದ್ದರು. ನಿಯಮಾವಳಿಯ ಆ ಒಂದು ಸಾಲನ್ನು ಮುದ್ರಿಸಿಕೊಂಡೂ ಬಂದಿದ್ದರು. ವಿಭಾಗದ ಮುಖ್ಯಸ್ಥರಿಗೆ ನೇರವಾಗಿ ಬರೆಯಲೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಈ ಹಂತದಲ್ಲಿ ಅನೇಕರು ಹಾಗೆಯೇ ಮಾಡುತ್ತಾರೆ, ಅದು ತಪ್ಪೆಂದೂ ನಾನು ಹೇಳಲಾರೆ. ಆದರೆ ಈ ಪ್ರಕರಣದಲ್ಲಿ ಅದರಿಂದ ಏನಾಗುತ್ತಿತ್ತು ಎಂಬುದು ನನಗೆ ಸ್ಪಷ್ಟವಿತ್ತು. ಮುಖ್ಯಸ್ಥರು ಆ ಪತ್ರವನ್ನು ಮೇಲಧಿಕಾರಿಗೇ ಕಳುಹಿಸಿ ನಿಮ್ಮ ಅಭಿಪ್ರಾಯವೇನು ಎಂದು ಕೇಳುತ್ತಿದ್ದರು. ಅವರು ಲಿಫ್ಟಿನ ಬಳಿ ಆಡಿದ ಮಾತನ್ನೇ ಈಗ ಬರವಣಿಗೆಯಲ್ಲಿ ಹೇಳಬೇಕಾಗುತ್ತಿತ್ತು. ಬಾಯಿಮಾತಿನ ನಿರಾಕರಣೆಯನ್ನು ಬದಲಿಸುವುದು ಸುಲಭ. ಒಮ್ಮೆ ಬರವಣಿಗೆಗೆ ಇಳಿದ ನಿರಾಕರಣೆಯನ್ನು ಬದಲಿಸಬೇಕಾದರೆ ಬರೆದವರು ತಮ್ಮ ಮಾತನ್ನೇ ಅಲ್ಲಗಳೆಯಬೇಕಾಗುತ್ತದೆ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇತ್ತು. "ಕ್ಲೈಂಟ್ ಒಪ್ಪಲ್ಲ" ಎಂಬುದು ನೆಪವೋ ನಿಜವೋ ನಮಗಿಬ್ಬರಿಗೂ ಗೊತ್ತಿರಲಿಲ್ಲ. ನೆಪವಾಗಿದ್ದರೆ ವಾದಿಸಬಹುದು, ನಿಜವಾಗಿದ್ದರೆ ಎಷ್ಟು ಎತ್ತರದವರಿಗೆ ಬರೆದರೂ ಪ್ರಯೋಜನವಿಲ್ಲ. ಆದ್ದರಿಂದ ಮೇಲಧಿಕಾರಿಯ ಬಳಿ ಮತ್ತೆ ಅನುಮತಿ ಕೇಳದೆ, ಒಂದೇ ಒಂದು ಪ್ರಶ್ನೆ ಕೇಳಿ ಬರುವಂತೆ ವಸುಧಾಗೆ ಸೂಚಿಸಿದೆ: ನನ್ನ ಕೆಲಸಗಳಲ್ಲಿ ಯಾವುದನ್ನು ಹೊರಗಿನಿಂದ ಮಾಡಲು ಗ್ರಾಹಕರು ಒಪ್ಪುವುದಿಲ್ಲ?

ಪ್ರಶ್ನೆಯಿಂದ ತಿಳಿದದ್ದು

ಆ ಪ್ರಶ್ನೆಗೆ ಮೇಲಧಿಕಾರಿ ಸುಮಾರು ಅರ್ಧ ಗಂಟೆ ಕೂತು ಉತ್ತರ ಹೇಳಿದರು ಎಂದು ವಸುಧಾ ಆಮೇಲೆ ತಿಳಿಸಿದರು. ಹಿಂದಿನ ದಿನ ಹೌದು ಅಥವಾ ಇಲ್ಲ ಎನ್ನಬೇಕಿದ್ದ ಮನುಷ್ಯನಿಗೆ ಈಗ ತಾನು ಬಲ್ಲ ವಿಷಯವನ್ನು ವಿವರಿಸುವ ಅವಕಾಶ ಸಿಕ್ಕಿತ್ತು. ಅವರ ಮಾತಿನಿಂದ ಎರಡು ಬೇರೆಬೇರೆ ತೊಡಕುಗಳು ಹೊರಬಂದವು.

ಮೊದಲನೆಯದು ಒಪ್ಪಂದದ ತೊಡಕು. ಗ್ರಾಹಕ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದ ಅನುಬಂಧದಲ್ಲಿ, ನೌಕರರ ಬ್ಯಾಂಕ್ ಖಾತೆ ಸಂಖ್ಯೆ ಮತ್ತು ರಾಷ್ಟ್ರೀಯ ವಿಮಾ ಸಂಖ್ಯೆ ಕಾಣುವ ಪರದೆಗಳನ್ನು ತೆರೆಯಬಹುದಾದ ಸ್ಥಳಗಳ ಪಟ್ಟಿ ಇತ್ತು. ಪಟ್ಟಿಯಲ್ಲಿದ್ದುದು ನಮ್ಮ ಬೆಂಗಳೂರಿನ ಕಚೇರಿಯ ಒಂದು ಮಹಡಿ ಮಾತ್ರ. ಮೊಬೈಲ್ ಹೊರಗಿಟ್ಟು, ಕಾರ್ಡ್ ತೋರಿಸಿ ಒಳಹೋಗುವ ಕೊಠಡಿ ಅದು. ವಾರದ ಎರಡು ದಿನ ಮನೆಯಲ್ಲಿದ್ದಾಗಲೂ ತಂಡದವರು ಆ ಪರದೆಗಳನ್ನು ತೆರೆಯುತ್ತಿರಲಿಲ್ಲ. ಕೆಲಸವನ್ನು ಹಾಗೆ ಹಂಚಿಕೊಳ್ಳುವುದು ಎಷ್ಟು ಅಭ್ಯಾಸವಾಗಿ ಹೋಗಿತ್ತೆಂದರೆ, ಅದರ ಹಿಂದೆ ಒಂದು ಷರತ್ತಿದೆ ಎಂಬುದೇ ವಸುಧಾಗೆ ಮರೆತುಹೋಗಿತ್ತು. ಅಂದರೆ ಗ್ರಾಹಕರ ನಿರಾಕರಣೆ ನಿಜ, ಆದರೆ ಅದು ಅನ್ವಯಿಸುವುದು ಅವರ ಕೆಲಸದ ಒಂದು ಭಾಗಕ್ಕೆ ಮಾತ್ರ.

ಎರಡನೆಯದು ತಾರೀಖಿನ ಭಯ. ಬ್ರಿಟನ್ನಿನಲ್ಲಿ ಸಂಬಳದ ಪಾವತಿ ಸಾಮಾನ್ಯವಾಗಿ ನಡೆಯುವುದು ಬ್ಯಾಕ್ಸ್ ಎಂಬ ವ್ಯವಸ್ಥೆಯ ಮೂಲಕ. ಅದು ಮೂರು ಕೆಲಸದ ದಿನಗಳ ಚಕ್ರ: ಮೊದಲ ದಿನ ಕಡತ ಸಲ್ಲಿಕೆ, ಎರಡನೆಯ ದಿನ ಬ್ಯಾಂಕುಗಳ ಸಂಸ್ಕರಣೆ, ಮೂರನೆಯ ದಿನ ನೌಕರರ ಖಾತೆಗೆ ಜಮೆ. ಈ ಗ್ರಾಹಕರ ಸಂಬಳದ ದಿನ ತಿಂಗಳ 28. ಜೂನ್ 28 ಶುಕ್ರವಾರವಾದ್ದರಿಂದ ಕಡತ 26ರ ಬುಧವಾರ ಹೋಗಲೇಬೇಕು. ಜುಲೈ 28 ಭಾನುವಾರ. ಆದ್ದರಿಂದ ಸಂಬಳ 26ರ ಶುಕ್ರವಾರಕ್ಕೆ ಹಿಂದೆ ಸರಿದು, ಸಲ್ಲಿಕೆ 24ರ ಬುಧವಾರಕ್ಕೆ ಬರುತ್ತದೆ. ತೆರಿಗೆ ಇಲಾಖೆಗೆ ಕೊಡಬೇಕಾದ ಪೂರ್ಣ ಪಾವತಿ ವರದಿಯೂ ಸಂಬಳದ ದಿನ ಅಥವಾ ಅದಕ್ಕೆ ಮೊದಲೇ ಹೋಗಿರಬೇಕು. ಸಲ್ಲಿಕೆಯ ದಿನ ತಪ್ಪಿದರೆ ಸಾವಿರಾರು ಮೈಲಿ ದೂರದ ನೌಕರರಿಗೆ ಆ ಶುಕ್ರವಾರ ಸಂಬಳ ಬರುವುದಿಲ್ಲ, ಅವರ ಬಾಡಿಗೆ, ಸಾಲದ ಕಂತು ತಪ್ಪುತ್ತವೆ. ಮೇಲಧಿಕಾರಿಯ ಮನಸ್ಸಿನಲ್ಲಿದ್ದುದು ಇದು. ಮಲೆನಾಡಿನ ಮಳೆಗಾಲ, ಮರ ಬಿದ್ದು ಕರೆಂಟ್ ಹೋದ ಒಂದು ಬುಧವಾರ, ಪರಿಶೀಲಿಸಬೇಕಾದ ಹಿರಿಯರು ಸಂಪರ್ಕಕ್ಕೆ ಸಿಗದಿರುವುದು. ಇದನ್ನೆಲ್ಲ ಹೇಳುವ ಬದಲು ಅವರು ಲಿಫ್ಟಿನ ಬಳಿ "ಕ್ಲೈಂಟ್ ಒಪ್ಪಲ್ಲ" ಎಂದಿದ್ದರು, ಏಕೆಂದರೆ ಅಷ್ಟು ಹೊತ್ತಿನಲ್ಲಿ ಹೇಳಬಹುದಾದದ್ದು ಅದೊಂದೇ.

ಈ ಎರಡು ತೊಡಕುಗಳ ಸ್ವಭಾವ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಒಪ್ಪಂದದ ಷರತ್ತನ್ನು ಮೇಲಧಿಕಾರಿ ಸಡಿಲಿಸಲಾರರು, ವಿಭಾಗದ ಮುಖ್ಯಸ್ಥರೂ ಸಡಿಲಿಸಲಾರರು. ಅದಕ್ಕೆ ಗ್ರಾಹಕರೇ ಅನುಬಂಧ ತಿದ್ದಬೇಕು, ಆರೇಳು ವಾರದ ಅಗತ್ಯಕ್ಕಾಗಿ ಯಾರೂ ಅದಕ್ಕೆ ಕೈಹಾಕುವುದಿಲ್ಲ. ತಾರೀಖಿನ ಭಯವನ್ನು ಮಾತ್ರ ಮೇಲಧಿಕಾರಿಯೇ, ತಮಗೆ ಭರವಸೆ ಬಂದರೆ, ಬಿಡಬಹುದು. ಕೋರಿಕೆ ಅವರ ಅಧಿಕಾರದೊಳಗಿನ ವಿಷಯವನ್ನಷ್ಟೇ ಕೇಳುವಂತಿರಬೇಕು, ಮೊದಲನೆಯದನ್ನು ಮುಟ್ಟಲೇಬಾರದು ಎಂದು ನಾವು ತೀರ್ಮಾನಿಸಿದೆವು. ಈ ಇಡೀ ಪ್ರಕರಣದ ತಿರುವು ಇದೇ ಎಂದು ನನ್ನ ಅಭಿಪ್ರಾಯ.

ಕೋರಿಕೆಯನ್ನು ಹೊಸದಾಗಿ ಕಟ್ಟಿದ ಬಗೆ

ವಸುಧಾ ತಮ್ಮ ಒಂದು ತಿಂಗಳ ಕೆಲಸವನ್ನು ದಿನದಿನದ ಲೆಕ್ಕದಲ್ಲಿ ಬರೆದರು. ತಿಂಗಳ ಮೊದಲ ಹತ್ತು ದಿನ ಹಿಂದಿನ ತಿಂಗಳ ಲೆಕ್ಕಗಳನ್ನು ಖಾತೆಗಳೊಡನೆ ಹೊಂದಿಸಿ ನೋಡುವುದು ಮತ್ತು ನೌಕರರ ಪ್ರಶ್ನೆಗಳಿಗೆ ಉತ್ತರ ಕೊಡುವುದು. ನಡುವಿನ ವಾರಗಳಲ್ಲಿ ಹೊಸದಾಗಿ ಸೇರಿದವರು, ಬಿಟ್ಟವರು, ಹೆಚ್ಚುವರಿ ದುಡಿಮೆ ಇವುಗಳಿಂದ ಬಂದ ಬದಲಾವಣೆಗಳನ್ನು ನೋಡುವುದು. ಸಲ್ಲಿಕೆಗೆ ಮೊದಲಿನ ಕೆಲವು ದಿನ ವ್ಯತ್ಯಾಸದ ವರದಿ. ಅಂದರೆ ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಯಾರ ಸಂಬಳ ಏಕೆ ಬದಲಾಯಿತು ಎಂಬುದನ್ನು ಒಂದೊಂದಾಗಿ ಪರೀಕ್ಷಿಸುವುದು. ಕೊನೆಗೆ ಪಾವತಿ ಕಡತ. ಇವುಗಳಲ್ಲಿ ನಿರ್ಬಂಧಿತ ಪರದೆಗಳು ಬೇಕಾಗುವುದು ಹೊಸ ನೌಕರರ ಬ್ಯಾಂಕ್ ವಿವರ ಪರಿಶೀಲನೆಗೆ ಮತ್ತು ಪಾವತಿ ಕಡತಕ್ಕೆ ಮಾತ್ರ. ವ್ಯತ್ಯಾಸದ ವರದಿಯನ್ನು ನೌಕರರ ಕ್ರಮಸಂಖ್ಯೆ ಮಾತ್ರ ಕಾಣುವಂತೆ, ಹೆಸರು ಮತ್ತು ಖಾತೆಯ ವಿವರಗಳನ್ನು ಮುಚ್ಚಿ ತೆಗೆಯಬಹುದಿತ್ತು. ಬರೆದು ನೋಡುವ ಮೊದಲು ತಮ್ಮ ಕೆಲಸದ ಇಷ್ಟು ದೊಡ್ಡ ಪಾಲು ಷರತ್ತಿನ ಹೊರಗಿದೆ ಎಂದು ಅವರೂ ಅಂದುಕೊಂಡಿರಲಿಲ್ಲ.

ಇನ್ನು ರಜೆಯ ವಿಚಾರ. ಮೊದಲ ಕೋರಿಕೆಯಲ್ಲಿ ಅವರು ಎರಡೂ ತಿಂಗಳು ಕೆಲಸ ಮಾಡುತ್ತೇನೆ ಎಂದಿದ್ದರು, ಶಸ್ತ್ರಚಿಕಿತ್ಸೆಯ ವಾರವೂ ಸೇರಿ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೇ ಆದರೂ ಅದನ್ನು ಯಾವ ಮೇಲಧಿಕಾರಿಯೂ ನಂಬುವುದಿಲ್ಲ, ನಂಬಬಾರದು ಕೂಡ. ರಾತ್ರಿ ಮೂರು ಬಾರಿ ಎದ್ದು ತಾಯಿಯನ್ನು ಶೌಚಾಲಯಕ್ಕೆ ಕರೆದೊಯ್ದವರು ಮರುದಿನ ಸಂಬಳದ ಲೆಕ್ಕ ಪರಿಶೀಲಿಸಬಾರದು. ಮೊದಲ ಎರಡು ವಾರ ಗಳಿಕೆ ರಜೆ ಹಾಕಿ, ಆರೈಕೆ ಹಗುರಾದ ಮೇಲೆ ನಾಲ್ಕು ವಾರ ದೂರದಿಂದ ಕೆಲಸ ಎಂದು ಬದಲಿಸಿದಾಗ ಕೋರಿಕೆಗೆ ತೂಕ ಬಂತು. ರಜೆ ಹಾಕಲು ಮುಂದಾದವರು ಕೆಲಸ ಮಾಡುತ್ತೇನೆ ಎಂದರೆ ಆ ಮಾತನ್ನು ಕೇಳುವವರು ಬೇರೆ ರೀತಿಯಲ್ಲಿ ಕೇಳುತ್ತಾರೆ. ಪಾಳಿ ಮಧ್ಯಾಹ್ನ ಶುರುವಾಗುವುದೂ ಇಲ್ಲಿ ನೆರವಾಯಿತು: ಫಿಸಿಯೋಥೆರಪಿಯವರು ಮನೆಗೆ ಬರುವುದು ಬೆಳಿಗ್ಗೆ ಹತ್ತಕ್ಕೆ, ಅದರೊಡನೆ ಕೆಲಸ ಎಲ್ಲಿಯೂ ತಾಗುತ್ತಿರಲಿಲ್ಲ.

ಅವರು ಬರೆದ ಪತ್ರ ಇಂಗ್ಲಿಷಿನಲ್ಲಿತ್ತು, ಒಂದು ಪುಟ ಮೀರಿರಲಿಲ್ಲ. ಅದರ ಸಾರವನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ:

"ತಾಯಿಯ ಶಸ್ತ್ರಚಿಕಿತ್ಸೆ ಜೂನ್ 10ಕ್ಕೆ ನಿಗದಿಯಾಗಿದೆ. ಜೂನ್ 10ರಿಂದ 21ರವರೆಗೆ ರಜೆ ಕೋರುತ್ತೇನೆ. ಜೂನ್ 24ರಿಂದ ಜುಲೈ 19ರವರೆಗೆ ಶಿವಮೊಗ್ಗದ ಮನೆಯಿಂದ, ಎಂದಿನ ಪಾಳಿಯಲ್ಲಿ ಕೆಲಸ ಮಾಡಲು ಅನುಮತಿ ಕೋರುತ್ತೇನೆ. ಈ ಅವಧಿಯಲ್ಲಿ ನಿರ್ಬಂಧಿತ ಪರದೆಗಳನ್ನು ತೆರೆಯುವುದಿಲ್ಲ. ಅವುಗಳ ಪ್ರವೇಶವನ್ನು ತಡೆಹಿಡಿಯಲು ನಾನೇ ಕೇಳಿಕೊಳ್ಳುತ್ತೇನೆ. ಜೂನ್ 26ರ ಕಡತವನ್ನು ಸಹೋದ್ಯೋಗಿಯೊಬ್ಬರು ಪರಿಶೀಲಿಸಲು ಒಪ್ಪಿದ್ದಾರೆ, ಬದಲಿಗೆ ಅವರ ನೌಕರ ಪ್ರಶ್ನೆಗಳ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಜುಲೈ 22ರಿಂದ 26ರವರೆಗೆ ಕಚೇರಿಯಲ್ಲಿರುತ್ತೇನೆ, ಜುಲೈ ಕಡತವನ್ನು ನಾನೇ ಪರಿಶೀಲಿಸುತ್ತೇನೆ. ಕೆಲಸದ ಹೊತ್ತಿನಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಸಂಪರ್ಕ ಕಡಿದರೆ ಫೋನ್ ಮಾಡಿ ತಿಳಿಸಿ ಕೈಯಲ್ಲಿರುವ ಕೆಲಸವನ್ನು ಬಿಟ್ಟುಕೊಡುತ್ತೇನೆ. ಜುಲೈ 5ರಂದು ಇದು ನಡೆಯುತ್ತಿದೆಯೇ ಎಂದು ನೋಡಿ, ಇಲ್ಲವೆಂದು ನಿಮಗೆ ಅನಿಸಿದರೆ ಉಳಿದ ದಿನಗಳಿಗೆ ರಜೆ ಹಾಕುತ್ತೇನೆ."

ತಾಯಿಯ ಕಾಯಿಲೆಯ ಬಗ್ಗೆ ಒಂದೇ ವಾಕ್ಯ ಇತ್ತು. ಮೊದಲ ಕರಡಿನಲ್ಲಿ ಅದೇ ಅರ್ಧ ಪುಟ ತುಂಬಿತ್ತು. ಮೇಲಧಿಕಾರಿಗೆ ಕಾರಣದ ಬಗ್ಗೆ ಸಂಶಯವೇ ಇರಲಿಲ್ಲ, ಅವರು ಮೊದಲೇ ಮರುಕ ತೋರಿದ್ದರು. ಸಂಶಯವಿದ್ದುದು 26ರ ಬುಧವಾರದ ಬಗ್ಗೆ. ಪತ್ರ ಮಾತಾಡಬೇಕಿದ್ದುದು ಅದಕ್ಕೆ.

ಕೊನೆಯ ವಾಕ್ಯವನ್ನು ಸೇರಿಸಲು ವಸುಧಾ ಹಿಂಜರಿದಿದ್ದರು. ಅನುಮತಿಯನ್ನು ಹಿಂಪಡೆಯುವ ದಾರಿಯನ್ನು ನಾವೇ ಏಕೆ ತೋರಿಸಬೇಕು ಎಂಬುದು ಅವರ ಪ್ರಶ್ನೆ. ಆದರೆ ಒಪ್ಪಿದರೆ ಮತ್ತೆ ತಿದ್ದಿಕೊಳ್ಳಲಾಗದು ಎಂಬ ಹೆದರಿಕೆಯೇ ಎಷ್ಟೋ ಅನುಮತಿಗಳನ್ನು ತಡೆಯುತ್ತದೆ. ಆ ಬಾಗಿಲು ತೆರೆದಿದೆ ಎಂದು ಕೇಳುವವರೇ ಹೇಳಿದಾಗ ಒಪ್ಪಿಗೆ ಹಗುರಾಗುತ್ತದೆ.

ಪತ್ರ ಕಳುಹಿಸುವ ಮೊದಲು ಅವರು ಇನ್ನೊಂದು ಕೆಲಸ ಮಾಡಿದರು, ಇದು ಅವರದೇ ಯೋಚನೆ. ಕಡತವನ್ನು ವಹಿಸಿಕೊಳ್ಳಬೇಕಾದ ಸಹೋದ್ಯೋಗಿಯ ಬಳಿ ಹೋಗಿ, ಏನು ಕೊಡುತ್ತೇನೆ, ಬದಲಿಗೆ ಏನು ತೆಗೆದುಕೊಳ್ಳುತ್ತೇನೆ ಎಂದು ಮಾತಾಡಿ ಒಪ್ಪಿಸಿದರು. ಮೇಲಧಿಕಾರಿ ಆ ಸಹೋದ್ಯೋಗಿಯನ್ನು ಕರೆದು ವಿಚಾರಿಸಿದಾಗ ಅವರು "ಹೌದು ಸರ್, ನಾವು ಮಾತಾಡಿಕೊಂಡಿದೀವಿ" ಎಂದರು. ಪತ್ರದ ಯಾವ ವಾಕ್ಯಕ್ಕಿಂತಲೂ ಆ ಉತ್ತರದ ಪರಿಣಾಮ ದೊಡ್ಡದಾಗಿತ್ತು ಎಂದು ಮೇಲಧಿಕಾರಿ ನನಗೆ ಆಮೇಲೆ ಹೇಳಿದರು.

ಒಪ್ಪಿಗೆ ಸಿಕ್ಕ ಮೇಲಿನ ಅಡ್ಡಿ

ಮೇಲಧಿಕಾರಿ ಎರಡು ದಿನದಲ್ಲಿ ಶಿಫಾರಸು ಮಾಡಿದರು, ಮುಖ್ಯಸ್ಥರು ಸಹಿ ಹಾಕಿದರು. ತಡವಾದದ್ದು ಮಾಹಿತಿ ಭದ್ರತಾ ವಿಭಾಗದಲ್ಲಿ. ಲ್ಯಾಪ್‌ಟಾಪ್ ನಗರದಿಂದ ಹೊರಹೋಗುವುದರ ದಾಖಲೆ, ಹೊಸ ವಿಳಾಸ, ಮನೆಯ ವೈಫೈಗೆ ಅಂಗಡಿಯವರು ಇಟ್ಟ ಪಾಸ್‌ವರ್ಡ್ ಬದಲಿಸಿದ್ದಕ್ಕೆ ದೃಢೀಕರಣ, ಬಾಗಿಲು ಹಾಕಿಕೊಳ್ಳಬಹುದಾದ ಪ್ರತ್ಯೇಕ ಕೋಣೆ, ಇಷ್ಟನ್ನು ಅವರು ಕೇಳಿದರು. ವ್ಯತ್ಯಾಸದ ವರದಿಯಲ್ಲಿ ಹೆಸರುಗಳನ್ನು ಮುಚ್ಚಲು ಒಂದು ಹೊಸ ಮಾದರಿಯನ್ನು ಮಾಡಿಕೊಡಬೇಕಿತ್ತು. ಅದಕ್ಕೇ ಒಂದು ವಾರ ಮೀರಿ ಹಿಡಿಯಿತು. ಮೇ ಕೊನೆಯಲ್ಲಿ ಕೇಳಿದ್ದರಿಂದ ಜೂನ್ 24ಕ್ಕೆ ಎಲ್ಲವೂ ಸಿದ್ಧವಾಯಿತು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಕೇಳಿದ್ದರೆ ಮೇಲಧಿಕಾರಿಯ ಒಪ್ಪಿಗೆ ಸಿಕ್ಕೂ ಕೆಲಸ ಶುರುವಾಗುತ್ತಿರಲಿಲ್ಲ.

ಮನೆಯಲ್ಲಿ ಗದ್ದಲವಾದರೆ ಶಿವಮೊಗ್ಗದಲ್ಲಿ ಬೇರೆಬೇರೆಯವರು ಹಂಚಿಕೊಂಡು ಬಳಸುವ ಒಂದು ಕಚೇರಿಯಲ್ಲಿ ಕೂರುತ್ತೇನೆ ಎಂದು ವಸುಧಾ ಹೇಳಿದ್ದನ್ನು ಭದ್ರತಾ ವಿಭಾಗ ಒಪ್ಪಲಿಲ್ಲ. ಅಪರಿಚಿತರು ಹಿಂದೆ ಓಡಾಡುವ ಜಾಗದಲ್ಲಿ ಸಂಬಳದ ಪಟ್ಟಿ ತೆರೆಯುವುದು, ಹೆಸರು ಮುಚ್ಚಿದ್ದರೂ, ಬೇಡ ಎಂಬುದು ಅವರ ನಿಲುವು. ನನಗೂ ಅದು ಸರಿ ಎನಿಸಿತು.

ನನ್ನ ವಿಭಾಗದ ಪಾಲಿಗೆ ಹೆಚ್ಚು ಕೆಲಸ ಇರಲಿಲ್ಲ. ಶಿವಮೊಗ್ಗ ಕರ್ನಾಟಕದೊಳಗೇ ಇರುವುದರಿಂದ ವೃತ್ತಿ ತೆರಿಗೆಯಂಥ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವ ಸಂಗತಿಗಳು ಏಳಲಿಲ್ಲ. ಬೇರೆ ದೇಶದಿಂದ ಕೆಲವೇ ವಾರ ಕೆಲಸ ಮಾಡುವುದಾಗಿದ್ದರೂ ವೀಸಾ ಮತ್ತು ತೆರಿಗೆಯ ಪ್ರಶ್ನೆಗಳಿಂದ ಅದು ಪೂರ್ತಿ ಬೇರೆ ಪ್ರಕರಣವಾಗುತ್ತಿತ್ತು.

ನಡೆದದ್ದು

ಮೊದಲ ವಾರವೇ ಪರೀಕ್ಷೆಯ ವಾರ. ಜೂನ್ 26ರ ಕಡತವನ್ನು ಬೆಂಗಳೂರಿನ ಸಹೋದ್ಯೋಗಿ ಪರಿಶೀಲಿಸಿದರು. ಅದಕ್ಕೆ ಮೊದಲಿನ ವ್ಯತ್ಯಾಸದ ವರದಿಯನ್ನು ವಸುಧಾ ಶಿವಮೊಗ್ಗದಿಂದ ನೋಡಿದರು. ಕೆಲಸ ಬಿಟ್ಟ ನೌಕರರೊಬ್ಬರಿಗೆ ಪೂರ್ತಿ ತಿಂಗಳ ಸಂಬಳ ಲೆಕ್ಕವಾಗಿದ್ದನ್ನು ಅವರು ಗುರುತಿಸಿ ಹೇಳಿದರು, ಕಡತ ಹೋಗುವ ಮೊದಲೇ ಅದು ಸರಿಯಾಯಿತು. ಜುಲೈ 5ರ ಪರಿಶೀಲನಾ ಮಾತುಕತೆ ಹತ್ತು ನಿಮಿಷದಲ್ಲಿ ಮುಗಿದದ್ದಕ್ಕೆ ಬಹುಶಃ ಇದೇ ಕಾರಣ.

ತೊಂದರೆ ಬಂದದ್ದು ಜುಲೈ ಮೂರನೆಯ ವಾರದಲ್ಲಿ. ಎರಡು ದಿನ ಬಿಡದೆ ಮಳೆ. ಮೆಸ್ಕಾಂ ಮೊದಲೇ ತಿಳಿಸುವ ದುರಸ್ತಿಯ ಕಡಿತಗಳಿಗೆ ಯೋಜನೆ ಮಾಡಿಕೊಳ್ಳಬಹುದು. ಕೊಂಬೆ ಬಿದ್ದು ತಂತಿ ಹರಿಯುವುದಕ್ಕೆ ಮುನ್ಸೂಚನೆ ಇರುವುದಿಲ್ಲ. ಸಂಜೆ ಏಳರ ಸುಮಾರಿಗೆ ಕರೆಂಟ್ ಹೋಯಿತು. ಮನೆಯ ಯುಪಿಎಸ್‌ನಿಂದ ರೂಟರ್ ನಡೆಯುತ್ತಿತ್ತು, ಆದರೂ ಸ್ವಲ್ಪ ಹೊತ್ತಿಗೆ ಇಂಟರ್‌ನೆಟ್ ನಿಂತಿತು. ರೂಟರ್ ಪೆಟ್ಟಿಗೆಯಲ್ಲಿ LOS ದೀಪ ಕೆಂಪಾಗಿ ಮಿನುಗಿದರೆ ಫೈಬರ್‌ನಲ್ಲಿ ಬರಬೇಕಾದ ಬೆಳಕಿನ ಸಂಕೇತ ಮನೆಗೆ ತಲುಪುತ್ತಿಲ್ಲ ಎಂದರ್ಥ: ಫೈಬರ್ ತುಂಡಾಗಿರಬಹುದು, ಇಲ್ಲವೇ ಸಂಕೇತ ಕಳುಹಿಸುವ ಆಚೆಯ ಪೆಟ್ಟಿಗೆಯೇ ನಿಂತಿರಬಹುದು. ಇಲ್ಲಿ ಆದದ್ದು ಎರಡನೆಯದು: ಬೀದಿಯಾಚೆಯ ವಿತರಣಾ ಪೆಟ್ಟಿಗೆಯ ಬ್ಯಾಟರಿ ಮುಗಿದಿತ್ತು. ಅಂದರೆ ಮನೆಯ ಯುಪಿಎಸ್ ಎಷ್ಟೇ ದೊಡ್ಡದಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ಊರಿಗೆ ಹೋಗಿ ಕೆಲಸ ಮಾಡುವವರು ಮನೆಯ ಬ್ಯಾಕಪ್ ಬಗ್ಗೆ ಯೋಚಿಸುತ್ತಾರೆ, ಸಂಪರ್ಕ ಹಾದು ಬರುವ ಮುಂದಿನ ಕೊಂಡಿಯ ಬಗ್ಗೆ ಯೋಚಿಸುವುದಿಲ್ಲ. ವಸುಧಾ ಫೋನಿನ ಹಾಟ್‌ಸ್ಪಾಟ್ ಹಾಕಿದರು. ಸಂಕೇತ ಕ್ಷೀಣವಾಗಿತ್ತು, ಸಂಸ್ಥೆಯ ಜಾಲಕ್ಕೆ ಸೇರುವ ವಿಪಿಎನ್ ಮತ್ತೆಮತ್ತೆ ಕಡಿಯುತ್ತಿತ್ತು.

ಇಲ್ಲಿ ಅವರು ತೆಗೆದುಕೊಂಡ ನಿರ್ಧಾರವನ್ನು ನಾನು ಬಹಳ ಮೆಚ್ಚುತ್ತೇನೆ. ಇನ್ನೇನು ಬರಬಹುದು ಎಂದು ಕಾಯಲಿಲ್ಲ. ಪತ್ರದಲ್ಲಿ ಬರೆದುಕೊಂಡ ಹತ್ತು ನಿಮಿಷ ಕಳೆದೊಡನೆ ಸಹೋದ್ಯೋಗಿಗೆ ಫೋನ್ ಮಾಡಿ, ಯಾವ ಕ್ರಮಸಂಖ್ಯೆಯವರೆಗೆ ನೋಡಿದ್ದೇನೆ, ಯಾವುವು ಉಳಿದಿವೆ ಎಂದು ಹೇಳಿ ಬಿಟ್ಟುಕೊಟ್ಟರು, ಮೇಲಧಿಕಾರಿಗೂ ಒಂದು ಸಂದೇಶ ಕಳುಹಿಸಿದರು. ಸಂಪರ್ಕ ಮರಳಿದ್ದು ರಾತ್ರಿ ಹತ್ತರ ಮೇಲೆ. ಮರುದಿನವೇ ಬೇರೆ ಕಂಪನಿಯ ಸಿಮ್ ಒಂದನ್ನು ಕೊಂಡು, ಮನೆಯ ಯಾವ ಮೂಲೆಯಲ್ಲಿ ಅದರ ಸಂಕೇತ ಚೆನ್ನಾಗಿ ಸಿಗುತ್ತದೆ ಎಂದು ನೋಡಿಟ್ಟುಕೊಂಡರು. ಮೇಲಧಿಕಾರಿ ಮೇ ತಿಂಗಳಲ್ಲಿ ಹೆದರಿದ್ದ ಘಟನೆಯೇ ನಡೆದಿತ್ತು, ಆದರೆ ಅದು ಸಲ್ಲಿಕೆಯ ಬುಧವಾರ ಅಲ್ಲ, ಮತ್ತು ಅದು ನಡೆದಾಗ ಏನು ಮಾಡಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು.

ಜುಲೈ 22ರ ವಾರ ಸಾಗರದಿಂದ ಅವರ ಚಿಕ್ಕಮ್ಮ ಬಂದು ತಾಯಿಯ ಜೊತೆ ಇದ್ದರು. ವಸುಧಾ ಭಾನುವಾರ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಬಂದು, ಕಡತವನ್ನು ಕಚೇರಿಯ ಕೊಠಡಿಯಲ್ಲೇ ಪರಿಶೀಲಿಸಿದರು.

ವಿಸ್ತರಣೆಯ ಕೋರಿಕೆ

ತಾಯಿಯ ಮಂಡಿ ವೈದ್ಯರು ಅಂದುಕೊಂಡಷ್ಟು ಬೇಗ ಬಗ್ಗುತ್ತಿಲ್ಲ ಎಂದು ಜುಲೈ ಎರಡನೆಯ ವಾರದಲ್ಲಿ ತಿಳಿಯಿತು. ವಸುಧಾ ಕೊನೆಯ ದಿನದವರೆಗೆ ಕಾಯದೆ ಆಗಲೇ ಬರೆದರು: ಪಾವತಿ ಮುಗಿದ ಮೇಲೆ, ಜುಲೈ 29ರಿಂದ ಇನ್ನೂ ಎರಡು ವಾರ ಸಿಗಬಹುದೇ? ಮೇಲಧಿಕಾರಿ ಒಂದು ವಾರಕ್ಕೆ ಮಾತ್ರ ಒಪ್ಪಿದರು. ಎರಡನೆಯ ವಾರ ಗ್ರಾಹಕರ ಕಡೆಯ ಲೆಕ್ಕ ಪರಿಶೋಧಕರು ಕಚೇರಿಗೆ ಬರುವವರಿದ್ದರು, ಅವರು ಕೇಳುವ ದಾಖಲೆಗಳು ನಿರ್ಬಂಧಿತ ಪರದೆಗಳಲ್ಲೇ ಇದ್ದವು. ವಸುಧಾ ವಾದಿಸಲಿಲ್ಲ, ಅಣ್ಣ ಮೂರು ದಿನ ಮೊದಲೇ ಬರುವಂತೆ ಮಾಡಿ ಆ ವಾರವನ್ನು ಸರಿಹೊಂದಿಸಿಕೊಂಡರು. ಬೇಗ ಕೇಳಿದ್ದರ ಲಾಭ ಒಪ್ಪಿಗೆಗಷ್ಟೇ ಸೀಮಿತವಲ್ಲ, ನಿರಾಕರಣೆಗೂ ಇರುತ್ತದೆ: ಇಲ್ಲ ಎಂಬ ಉತ್ತರ ಮೂರು ವಾರ ಮೊದಲೇ ಬಂದರೆ ವಿಮಾನದ ಟಿಕೆಟ್ ಬದಲಿಸಲು ಸಮಯವಿರುತ್ತದೆ.

ಇದರಿಂದ ಕಂಡುಕೊಂಡದ್ದು

ಮೇಲಧಿಕಾರಿಯೊಬ್ಬರ ನಿರಾಕರಣೆಯಲ್ಲಿ ಅವರದೇ ನಿರ್ಧಾರ ಎಷ್ಟು, ಅವರ ಕೈಮೀರಿದ ಷರತ್ತು ಎಷ್ಟು ಎಂಬುದನ್ನು ಬೇರ್ಪಡಿಸದೆ ಎರಡನೆಯ ಬಾರಿ ಕೇಳುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಮುಖ್ಯ ಕಲಿಕೆ. ಬೇರೆ ವಿಭಾಗದ ಮಂಗಳೂರಿನ ಉದಾಹರಣೆ ಇಲ್ಲಿ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಆ ವಿಭಾಗದ ಗ್ರಾಹಕರೊಡನೆ ಇಂಥ ಅನುಬಂಧವೇ ಇರಲಿಲ್ಲ. ಆ ಹೋಲಿಕೆಯನ್ನು ಮುಂದಿಟ್ಟಿದ್ದರೆ ಮೇಲಧಿಕಾರಿಗೆ ತಮ್ಮ ನ್ಯಾಯಬುದ್ಧಿಯನ್ನು ಪ್ರಶ್ನಿಸಿದಂತೆ ಕಾಣುತ್ತಿತ್ತು, ಮಾತು 26ರ ಬುಧವಾರದಿಂದ ಬೇರೆಡೆಗೆ ಹೋಗುತ್ತಿತ್ತು.

ಹಾಗೆಂದು ಈ ದಾರಿ ಎಲ್ಲರಿಗೂ ತೆರೆದಿದೆ ಎನ್ನಲಾರೆ. ಅದೇ ವರ್ಷ ನವೆಂಬರ್‌ನಲ್ಲಿ ಅದೇ ತಂಡದ ಕಿರಿಯ ಉದ್ಯೋಗಿಯೊಬ್ಬರು, ಹೆಂಡತಿಯ ಹೆರಿಗೆಗಾಗಿ ಹುಬ್ಬಳ್ಳಿಯಿಂದ ಮೂರು ವಾರ ಕೆಲಸ ಮಾಡಲು ಕೇಳಿದರು. ವಸುಧಾರ ಪತ್ರದ ಮಾದರಿಯಲ್ಲೇ ಅಚ್ಚುಕಟ್ಟಾಗಿ ಬರೆದಿದ್ದರು, ಕಾರಣವೂ ಅಷ್ಟೇ ಗಟ್ಟಿಯಾಗಿತ್ತು. ಆದರೆ ಅವರ ಕೆಲಸ ಹೊಸ ನೌಕರರ ಬ್ಯಾಂಕ್ ವಿವರಗಳನ್ನು ದಾಖಲಿಸುವುದು. ದಿನವಿಡೀ ತೆರೆದಿರಬೇಕಾದದ್ದು ನಿರ್ಬಂಧಿತ ಪರದೆಗಳೇ. ಕೆಲಸವನ್ನು ಬಿಡಿಸಿ ನೋಡಿದಾಗ ಹೊರಗೆ ಕೊಂಡೊಯ್ಯಬಹುದಾದ ಭಾಗ ಏನೂ ಉಳಿಯಲಿಲ್ಲ. ಮೇಲಧಿಕಾರಿ ಅವರನ್ನು ಕೂರಿಸಿಕೊಂಡು, ವಸುಧಾಗೆ ಏಕೆ ಸಾಧ್ಯವಾಯಿತು, ಅವರಿಗೆ ಏಕೆ ಆಗದು ಎಂಬುದನ್ನು ಅನುಬಂಧದ ಪುಟ ತೋರಿಸಿಯೇ ವಿವರಿಸಿದರು. ಮೂರು ವಾರಗಳಲ್ಲಿ ಎರಡಕ್ಕೆ ರಜೆ ಕೊಟ್ಟರು. ಉಳಿದ ಒಂದು ವಾರ ತಂಡದ ಪ್ರಕ್ರಿಯೆಗಳನ್ನು ಬರೆದಿಡುವ, ಬಹುದಿನಗಳಿಂದ ಬಾಕಿಯಿದ್ದ ಕೆಲಸವನ್ನು ಅವರಿಗೆ ವಹಿಸಿ, ಅದನ್ನು ಹುಬ್ಬಳ್ಳಿಯಿಂದ ಮಾಡಲು ಒಪ್ಪಿದರು. ಆ ಒಂದು ವಾರದ ಸಾಧ್ಯತೆ ಉದ್ಯೋಗಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅದನ್ನು ಕಂಡುಹಿಡಿದವರು ಮೇ ತಿಂಗಳ ಒಂದು ರಾತ್ರಿ ಲಿಫ್ಟಿನ ಬಳಿ ಕ್ಲೈಂಟ್ ಒಪ್ಪಲ್ಲ ಎಂದಿದ್ದ ಅದೇ ಮೇಲಧಿಕಾರಿ.